ನೆಟ್ಟಗಿನ ಗೆರೆ ‘ರ’ ಆದದ್ದು ಹೇಗೆ: ಚಾಣ, ಲೆಕ್ಕಣಿಕೆ, ಕುಂಚ ಹಿಡಿದು ಶಾಲೆಯಲ್ಲಿ ಹೇಳಿಕೊಡುವ ಬಗೆ

ಬಾಗಲಕೋಟೆಯಲ್ಲಿ ಅಂಗಡಿ ಬೋರ್ಡ್ ಬರೆಯುವುದು ನನ್ನ ಕಸುಬು. ಬ್ರಷ್ ಹಿಡಿದು ಅಕ್ಷರ ಬರೆಯುವವನಿಗೆ ಒಂದು ವಿಷಯ ಕೈಯಿಂದಲೇ ಗೊತ್ತಾಗುತ್ತದೆ. ಅಕ್ಷರದ ಆಕಾರವನ್ನು ಅರ್ಧ ನಾವು ಮಾಡುತ್ತೇವೆ, ಇನ್ನರ್ಧ ಕೈಯಲ್ಲಿರುವ ಸಾಮಾನು ಮಾಡುತ್ತದೆ. ಇದನ್ನೇ ಶಾಲೆ ಮಕ್ಕಳಿಗೆ ಹೇಳಲು ಶುರು ಮಾಡಿದೆ. ಬಾದಾಮಿ, ಗುಳೇದಗುಡ್ಡದ ಕಡೆಯ ಶಾಲೆಗಳಲ್ಲಿ ಆರು, ಏಳನೇ ತರಗತಿಯ ಮಕ್ಕಳ ಮುಂದೆ ಹೇಳುತ್ತ ಹೇಳುತ್ತ ಈ ಪಾಠಕ್ಕೆ ಒಂದು ಕ್ರಮ ಸಿಕ್ಕಿತು. ನಿಮ್ಮ ಊರಿನ ಶಾಲೆಯಲ್ಲಿ ನೀವೂ ಮಾಡಬಹುದು. ಎರಡು ಪೀರಿಯಡ್ ಕೇಳಿಕೊಳ್ಳಿ, ಸುಮಾರು 80 ನಿಮಿಷ. ಒಂದೇ ಪೀರಿಯಡ್ ಕೊಟ್ಟರೆ ಕುಂಚದ ಭಾಗ ಬಿಡಿ. ಓಲೆಯ ಭಾಗವನ್ನು ಮಾತ್ರ ಬಿಡಬೇಡಿ.

ಮೊದಮೊದಲು ನಾನು ಜಗತ್ತಿನ ಲಿಪಿಗಳನ್ನೆಲ್ಲ ಹೇಳಲು ಹೋಗುತ್ತಿದ್ದೆ. ಮಕ್ಕಳಿಗೆ ಹೆಸರು ಉಳಿಯುತ್ತಿದ್ದವು, ವಿಷಯ ಉಳಿಯುತ್ತಿರಲಿಲ್ಲ. ಈಗ ಒಂದೇ ಅಕ್ಷರ ಹಿಡಿಯುತ್ತೇನೆ: ರ. ಅದನ್ನು ಒಂದೊಂದು ಸಾಮಾನಿನ ಕೈಗೆ ಕೊಟ್ಟು ಏನಾಗುತ್ತದೆ ಅಂತ ನೋಡುವುದೇ ಪಾಠ.

ಹಿಂದಿನ ದಿನದ ತಯಾರಿ

ನಾಲ್ಕೈದು ಮಕ್ಕಳಿಗೆ ಒಂದು ಗುಂಪು. ಒಂದೊಂದು ಗುಂಪಿಗೆ ಬಟ್ಟೆ ಒಗೆಯುವ ಹಳದಿ ಸಾಬೂನಿನ ಅರ್ಧ ಬಾರು, ಐದು ಮಿಲಿಮೀಟರ್ ಅಗಲದ ಚಪ್ಪಟೆ ಬಾಯಿಯ ಸ್ಕ್ರೂಡ್ರೈವರ್, ಮಸಿಯಲ್ಲಿ ಅದ್ದಿ ಬರೆಯುವ ಲೇಖನಿ ಅಂದರೆ ಒಂದು ಬಿದಿರಿನ ಲೆಕ್ಕಣಿಕೆ, ಸ್ವಲ್ಪ ಮಸಿ, ಮೂರು ನಾಲ್ಕು ಜೋಳದ ಗರಿ, ಮಸಿ ಮುಗಿದ ಒಂದು ಬಾಲ್‌ಪೆನ್ ಬೇಕು. ಜೋಳದ ಹಂಗಾಮು ಅಲ್ಲದಿದ್ದರೆ ಗೋವಿನಜೋಳದ್ದೋ ತೆಂಗಿನದ್ದೋ ಗರಿ ನಡೆಯುತ್ತದೆ. ಗರಿಯ ಎಳೆಗಳು ಉದ್ದಕ್ಕೂ ಸಾಲಾಗಿ ಹೋಗಿರಬೇಕು, ಅಷ್ಟೇ. ಬಾದಾಮ್ ಎಲೆ, ಆಲದ ಎಲೆ ಬೇಡ, ಅವುಗಳ ನರ ಬಲೆಯಂತೆ ಹೆಣೆದಿರುತ್ತವೆ. ಗರಿಯನ್ನು ಹಿಂದಿನ ದಿನ ಕಿತ್ತು ನೆರಳಲ್ಲಿ ಬಾಡಿಸಿ. ಹಸಿ ಗರಿ ನೀರು ಬಿಡುತ್ತದೆ, ಪೂರ್ತಿ ಒಣಗಿದ್ದು ಮುಟ್ಟಿದರೆ ಪುಡಿಯಾಗುತ್ತದೆ.

ಲೆಕ್ಕಣಿಕೆಯನ್ನು ನೀವೇ ಕೊಯ್ದುಕೊಂಡು ಹೋಗಿ, ಮಕ್ಕಳ ಕೈಗೆ ಚಾಕು ಕೊಡಬೇಡಿ. ಪೆನ್ಸಿಲ್ ದಪ್ಪದ ಬಿದಿರಿನ ಸೀಳು, ಒಂದು ಗೇಣು ಉದ್ದ. ಒಂದು ತುದಿಯನ್ನು ಮೂರು ಸೆಂಟಿಮೀಟರಿನಷ್ಟು ಓರೆಯಾಗಿ ಕೆತ್ತಿ ತೆಳ್ಳಗೆ ಮಾಡಿ. ಹೊರಗಿನ ಗಟ್ಟಿ ಸಿಪ್ಪೆ ಉಳಿಯಬೇಕು, ಒಳಗಿನ ಮೆತ್ತನೆ ಭಾಗ ಹೋಗಬೇಕು. ಆಮೇಲೆ ತುದಿಯನ್ನು ಹಲಗೆಯ ಮೇಲಿಟ್ಟು ಚಾಕು ಒತ್ತಿ ಒಂದೇ ಏಟಿಗೆ ಕತ್ತರಿಸಿ. ಬಾಯಿ ನಾಲ್ಕು ಮಿಲಿಮೀಟರ್ ಅಗಲ ಸಾಕು. ನಡುವೆ ಒಂದು ಸಣ್ಣ ಸೀಳು ಬಿಡಿ. ಬರೆದು ನೋಡಿದಾಗ ಗೆರೆ ಶುರುವಿನಲ್ಲಿ ಕಪ್ಪಗಿದ್ದು ಕೂಡಲೇ ಒಣಗಿದರೆ ಸೀಳು ಸಾಲದು ಅಂತ ಅರ್ಥ. ಜೋಳದ ದಂಟಿನಲ್ಲೂ ಮಾಡಿ ನೋಡಿದ್ದೇನೆ. ಒಳಗಿನ ಬೆಂಡು ಮಸಿ ಕುಡಿದುಬಿಡುತ್ತದೆ, ಎರಡು ಸಾಲಿಗೆ ಬಾಯಿ ಮೆತ್ತಗಾಗುತ್ತದೆ.

ನಿಜವಾದ ಚಾಣ ಒಂದನ್ನು ತೋರಿಸಲು ಒಯ್ಯಿರಿ. ಆದರೆ ತರಗತಿಯಲ್ಲಿ ಕಲ್ಲು ಒಡೆಯಬೇಡಿ. ಚಕ್ಕೆ ಎತ್ತ ಹಾರುತ್ತದೆ ಅಂತ ಕಲ್ಲುಕುಟಿಗರಿಗೂ ಹೇಳಲು ಆಗುವುದಿಲ್ಲ.

ಹೆಜ್ಜೆ 1: ಒಂದು ಗೆರೆ ಎಳೆದು ಸುಮ್ಮನೆ ನಿಲ್ಲಿ

ಕರಿಹಲಗೆಯ ಮೇಲೆ ದೊಡ್ಡದಾಗಿ ‘ರ’ ಬರೆಯಿರಿ. ಪಕ್ಕದಲ್ಲಿ ಮೇಲಿಂದ ಕೆಳಗೆ ಒಂದು ನೆಟ್ಟಗಿನ ಗೆರೆ ಎಳೆಯಿರಿ. "ಇದೂ ರ" ಅನ್ನಿ.

ಗದ್ದಲ ಆಗುತ್ತದೆ. "ಅದು ರ ಅಲ್ರೀ ಸರ್, ಬರೇ ಗೆರಿ ಐತಿ!" ಆ ಗದ್ದಲ ಬೇಕು, ತಡೆಯಬೇಡಿ.

ಆಮೇಲೆ ಹೇಳಿ. ಸುಮಾರು 2,250 ವರ್ಷಗಳ ಹಿಂದೆ ಅಶೋಕನ ಶಾಸನಗಳನ್ನು ಬ್ರಾಹ್ಮಿ ಲಿಪಿಯಲ್ಲಿ ಕೊರೆದರು. ನಮ್ಮ ರಾಜ್ಯದಲ್ಲೇ ಮಸ್ಕಿಯಲ್ಲಿವೆ, ಕೊಪ್ಪಳದಲ್ಲಿವೆ. ಆ ಲಿಪಿಯಲ್ಲಿ ರ ಅಂದರೆ ಒಂದು ನಿಂತ ಗೆರೆ, ಕೆಲವು ಕಡೆ ಸ್ವಲ್ಪ ಅಂಕುಡೊಂಕು. ಕ ಅಂದರೆ ಗಣಿತದ ಕೂಡಿಸುವ ಗುರುತು. ಠ ಅಂದರೆ ಒಂದು ದುಂಡು. ನಮ್ಮ ಕನ್ನಡ ಅಕ್ಷರಗಳ ಅಜ್ಜ ಈ ಬ್ರಾಹ್ಮಿ. ಹಾಗಾದರೆ ಆ ಕೋಲಿನಂಥ ಗೆರೆ ಈ ದುಂಡು ರ ಆಗಿದ್ದು ಯಾವಾಗ, ಯಾಕೆ? ಈ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ. ಕೊನೆಯವರೆಗೂ ಅಳಿಸಬೇಡಿ.

ಹೆಜ್ಜೆ 2: ಸಾಬೂನಿನ ಮೇಲೆ ಚಾಣದ ಕೆಲಸ

ಸಾಬೂನಿನ ಮೇಲೆ ಪೆನ್ಸಿಲಿನಿಂದ ಮೂರು ಆಕಾರ ಬರೆಸಿ. ಮೂರು ಸೆಂಟಿಮೀಟರಿನ ಒಂದು ನೆಟ್ಟಗೆರೆ, ಅಷ್ಟೇ ಅಗಲದ ಒಂದು ದೊಡ್ಡ ದುಂಡು, ಒಂದು ಸೆಂಟಿಮೀಟರಿನ ಸಣ್ಣ ದುಂಡು. ಸ್ಕ್ರೂಡ್ರೈವರನ್ನು ಗೆರೆಯ ಎಡಕ್ಕೆ ಓರೆಯಾಗಿ ಒತ್ತಬೇಕು, ಆಮೇಲೆ ಬಲಕ್ಕೆ ಓರೆಯಾಗಿ. ಎರಡೂ ಕಡಿತ ಕೆಳಗೆ ಸೇರಿದಾಗ ನಡುವಿನ ಸಾಬೂನು ಎದ್ದು ಬರುತ್ತದೆ, ನೇಗಿಲ ಸಾಲಿನ ಹಾಗೆ ಒಂದು ಕಾಲುವೆ ಉಳಿಯುತ್ತದೆ. ಕಲ್ಲಿನ ಮೇಲೂ ಅಕ್ಷರವನ್ನು ಹೀಗೇ ಎರಡು ಮಗ್ಗುಲಿಂದ ಇಳಿಸುತ್ತಾರೆ.

ನೆಟ್ಟಗೆರೆ ಎರಡು ನಿಮಿಷಕ್ಕೆ ಮುಗಿಯುತ್ತದೆ. ದೊಡ್ಡ ದುಂಡಿಗೆ ಹತ್ತು ಹನ್ನೆರಡು ಸಣ್ಣ ಸಣ್ಣ ಕಡಿತ ಬೇಕು. ಹತ್ತಿರದಿಂದ ನೋಡಿದರೆ ಅದು ದುಂಡೇ ಅಲ್ಲ, ತುಂಡು ಗೆರೆಗಳ ಸಾಲು. ಸಣ್ಣ ದುಂಡು ಮಾಡುವಾಗ ಹೆಚ್ಚಿನ ಗುಂಪುಗಳಲ್ಲಿ ನಡುವಿನ ತುಣುಕು ಹಾರಿಹೋಗುತ್ತದೆ, ಅಕ್ಷರದ ಜಾಗದಲ್ಲಿ ಒಂದು ಗುಂಡಿ ಉಳಿಯುತ್ತದೆ. ಇದು ಮಕ್ಕಳ ತಪ್ಪಲ್ಲ ಅಂತ ಕೂಡಲೇ ಹೇಳಿ. ಬಾದಾಮಿಯ ಕೆಂಪು ಕಲ್ಲು ಮರಳುಗಲ್ಲು. ಮರಳಿನ ಕಾಳು ಕಾಳು ಅಂಟಿಕೊಂಡು ಆದ ಕಲ್ಲು. ಗೆರೆಗಳು ತೀರಾ ಹತ್ತಿರ ಬಂದರೆ ನಡುವಿನ ಕಲ್ಲಿಗೆ ಹಿಡಿತ ಇರುವುದಿಲ್ಲ. ಅದಕ್ಕೇ ಕೊರೆಯುವವರು ಗೆರೆಗಳ ನಡುವೆ ಜಾಗ ಬಿಡಬೇಕಾಗುತ್ತದೆ.

ಸಾಬೂನು ಹಳೆಯದಾಗಿ ಒಣಗಿದ್ದರೆ ಎಲ್ಲ ಗೆರೆಯೂ ಚಕ್ಕೆ ಚಕ್ಕೆಯಾಗುತ್ತದೆ, ಆಗ ಕಲಿಯಲು ಏನೂ ಸಿಗುವುದಿಲ್ಲ. ಹೊಸ ಬಾರು ತಂದು ಹಾಳೆ ಸುತ್ತಿಯೇ ಇಡಿ.

ಇಲ್ಲಿ ಒಂದು ಎಚ್ಚರ. "ಚಾಣಕ್ಕೆ ದುಂಡು ಬರಲ್ಲ" ಅಂತ ಹೇಳಿಬಿಡಬೇಡಿ. ಅಶೋಕನ ಠ ದುಂಡಗೇ ಇದೆ, ಅದೂ ಕಲ್ಲಿನ ಮೇಲೇ. ಚಾಣಕ್ಕೆ ದುಂಡು ದುಬಾರಿ, ಅಷ್ಟೇ. ಬೇಕೆಂದರೆ ಮಾಡುತ್ತದೆ.

ಹೆಜ್ಜೆ 3: ಲೆಕ್ಕಣಿಕೆ, ತಲೆಕಟ್ಟಿನ ಹುಟ್ಟು

ಈಗ ಬಿದಿರಿನ ಲೆಕ್ಕಣಿಕೆ. ಕೊನೆಯ ಸಾಲಿನ ಮಕ್ಕಳಿಗೂ ಕಾಣಬೇಕಲ್ವಾ, ಅದಕ್ಕೆ ನೀವು ಮೊದಲು ಹಲಗೆಯ ಮೇಲೆ ಖಡುವಿನಿಂದ ತೋರಿಸಿ. ನಾಲ್ಕು ಸೆಂಟಿಮೀಟರಿನ ಖಡು ಮುರಿದು ಅದನ್ನು ಅಡ್ಡ ಮಲಗಿಸಿ ಹಿಡಿಯಿರಿ. ಅದೇ ಈಗ ಅಗಲ ಬಾಯಿಯ ಲೇಖನಿ. ಎಡತುದಿ ಕೆಳಗೆ, ಬಲತುದಿ ಮೇಲೆ ಬರುವ ಹಾಗೆ ಓರೆ ಮಾಡಿ. ಮಣಿಕಟ್ಟು ತಿರುಗಿಸದೆ ಒಂದು ದುಂಡು ಎಳೆಯಿರಿ. ನೀವು ಒತ್ತಲಿಲ್ಲ, ಸಡಿಲಿಸಲಿಲ್ಲ. ಆದರೂ ದುಂಡು ಕೆಲವೆಡೆ ದಪ್ಪ, ಕೆಲವೆಡೆ ತೆಳು. ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಹನ್ನೊಂದರ ನಡುವೆ, ನಾಲ್ಕು ಐದರ ನಡುವೆ ಗೆರೆ ಕೂದಲೆಳೆಯಷ್ಟಾಗುತ್ತದೆ. ಬಾಯಿಯ ಓರೆಯ ಗುಂಟ ಹೋದ ಗೆರೆ ತೆಳು, ಅದಕ್ಕೆ ಅಡ್ಡ ಹೋದದ್ದು ದಪ್ಪ. ಇಷ್ಟೇ ಗುಟ್ಟು.

ಮಕ್ಕಳು ಮಾಡುವಾಗ ಗೆರೆ ಎಲ್ಲ ಕಡೆ ಒಂದೇ ದಪ್ಪ ಬಂದರೆ ಲೆಕ್ಕಣಿಕೆಯನ್ನು ಬೆರಳಲ್ಲಿ ಹೊರಳಿಸುತ್ತಿದ್ದಾರೆ ಅಂತ ತಿಳಿಯಿರಿ. ಬಾಲ್‌ಪೆನ್ ಹಿಡಿದ ಕೈಗೆ ಆ ರೂಢಿ ಇರುತ್ತದೆ. ಕೈ ಹಿಡಿದು ಒಮ್ಮೆ ಎಳೆಸಿದರೆ ಸಾಕು.

ಆಮೇಲೆ ಅವರಿಗೆ ಬರೀ ನಿಂತ ಗೆರೆ ಎಳೆಯಲು ಹೇಳಿ, ಬ್ರಾಹ್ಮಿಯ ರ. ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ, ಹಾಳೆಗೆ ಊರಿ, ಕೆಳಗೆ ಎಳೆಯಬೇಕು. ಎಳೆದ ಮೇಲೆ ಗೆರೆಯ ತಲೆಯನ್ನು ನೋಡಿಸಿ. ಅಲ್ಲಿ ಒಂದು ದಪ್ಪ ಗುರುತು ಇರುತ್ತದೆ, ಓರೆ ಅಂಚಿನ ಸಣ್ಣ ತಲೆ. ಲೇಖನಿ ಮೊದಲು ಊರಿದ ಜಾಗದಲ್ಲಿ ಮಸಿ ಜಾಸ್ತಿ ಇಳಿಯುತ್ತದೆ.

ಅಕ್ಷರಗಳ ತಲೆಯ ಗುರುತು ಹುಟ್ಟಿದ್ದು ಹೀಗೆ ಅಂತ ಲಿಪಿ ಬಲ್ಲವರು ವಿವರಿಸುತ್ತಾರೆ. ಮೊದಲು ಅದು ಲೇಖನಿ ಊರಿದ ಗುರುತು. ನೋಡಿ ನೋಡಿ ಕಣ್ಣಿಗೆ ಒಗ್ಗಿತು. ಆಮೇಲೆ ಅದಿಲ್ಲದೆ ಅಕ್ಷರ ಬೋಳು ಅನ್ನಿಸತೊಡಗಿತು. ಕಲ್ಲಿನಲ್ಲಿ ಕೊರೆಯುವವರೂ ಅದನ್ನು ಬಿಡದೆ ಕೊರೆದರು, ಸಣ್ಣ ಬೆಣೆಯಾಗಿ, ಕೆಲವೆಡೆ ಪುಟ್ಟ ಪೆಟ್ಟಿಗೆಯಾಗಿ. ನಮ್ಮಲ್ಲಿ ಅದು ತಲೆಕಟ್ಟಾಯಿತು. ಬೆಳಗಾವಿ ಕಡೆಯ ಮಕ್ಕಳಿದ್ದರೆ ಮರಾಠಿ ಪುಸ್ತಕ ತೆಗೆಸಿ. ಅಲ್ಲಿ ಆ ತಲೆಗಳೆಲ್ಲ ಒಂದಕ್ಕೊಂದು ಕೂಡಿ ಉದ್ದ ಗೆರೆಯಾಗಿವೆ.

ಹಲಗೆಯ ಮೇಲಿನ ಕೋಲು ರ ಪಕ್ಕದಲ್ಲಿ ಇನ್ನೊಂದು ಬರೆಯಿರಿ, ತಲೆ ಬಂದ ಕೋಲು. ಅದಕ್ಕೆ ಇನ್ನೊಂದು ಸೇರಿಸಿ: ಕೆಳತುದಿ ಎಡಕ್ಕೆ ಬಾಗಿದೆ, ಗಾಳದ ಹಾಗೆ. ಬಾದಾಮಿ ಚಾಲುಕ್ಯರ ಕಾಲಕ್ಕೆ ರ ಈ ರೂಪದಲ್ಲಿತ್ತು, ಗಾಳ ಮೇಲೆ ಏರುತ್ತಿತ್ತು.

ಹೆಜ್ಜೆ 4: ಜೇಡಿಗೆ ದುಂಡು ಬೇಡ, ಓಲೆಗೆ ನೆಟ್ಟಗೆರೆ ಬೇಡ

ಇದು ಪಾಠದ ನಡುಮನೆ. ಅರ್ಧ ಗಂಟೆ ಇಟ್ಟುಕೊಳ್ಳಿ.

ಮೊದಲು ಎರೆಮಣ್ಣು. ನಮ್ಮ ಕಡೆ ಅದಕ್ಕೆ ಬರವಿಲ್ಲ. ಹದವಾಗಿ ಕಲಸಿ ರೊಟ್ಟಿಯಷ್ಟು ತಟ್ಟಿ. ಅದರ ಮೇಲೆ ಕಡ್ಡಿಯಿಂದ ಒಂದು ದುಂಡು ಗೀರಲು ಹೇಳಿ. ಕಡ್ಡಿಯ ಮುಂದೆ ಮಣ್ಣು ಗುಡ್ಡೆಯಾಗುತ್ತದೆ, ಅಂಚು ಹರಿಯುತ್ತದೆ. ಈಗ ಜೋಳದ ದಂಟನ್ನು ಚೌಕಾಗಿ ಸೀಳಿ, ಅದರ ಮೂಲೆಯನ್ನು ಮಣ್ಣಿಗೆ ಸುಮ್ನೆ ಒತ್ತಿ ಎತ್ತಲಿ. ಒಂದು ತುದಿ ಅಗಲ, ಇನ್ನೊಂದು ಮೊನಚು, ಚೊಕ್ಕವಾದ ಬೆಣೆ ಮೂಡುತ್ತದೆ. ಈಗಿನ ಇರಾಕ್ ಇರುವ ಕಡೆ ಸುಮಾರು 5,000 ವರ್ಷಗಳ ಹಿಂದೆ ಬರೆಯುವವರು ಇದನ್ನೇ ಕಂಡುಕೊಂಡರು. ಮೊದಲು ಹಸಿ ಜೇಡಿಯ ಮೇಲೆ ಬಾಗುಗೆರೆಯ ಚಿತ್ರ ಗೀರುತ್ತಿದ್ದರು. ಬರಬರುತ್ತ ಜೊಂಡಿನ ತುದಿ ಒತ್ತಿಯೇ ಬರೆದರು. ದುಂಡು ಚಿತ್ರಗಳೆಲ್ಲ ಬೆಣೆಗಳ ಗುಂಪಾದವು.

ಮಣ್ಣಿನ ಕೈ ತೊಳೆಸಿ. ಈಗ ತಾಳೆಯ ಓಲೆಯ ಬದಲಿಗೆ ಜೋಳದ ಗರಿ.

ಗರಿಯನ್ನು ನೋಟ್‌ಬುಕ್ಕಿನ ಮೇಲೆ ಅಡ್ಡ ಹಾಸಿ, ಮಸಿಯಿಲ್ಲದ ಬಾಲ್‌ಪೆನ್ನಿನಿಂದ ಎಡದಿಂದ ಬಲಕ್ಕೆ, ಎಳೆಯ ಗುಂಟ, ಒತ್ತಿ ಒಂದು ಗೆರೆ ಎಳೆಯಬೇಕು. ಚರ್ರ್ ಅಂತ ಸೀಳುತ್ತದೆ. ಎಲ್ಲ ಗುಂಪುಗಳಿಂದಲೂ ಆ ಸದ್ದು ಬರುತ್ತದೆ. ಇನ್ನೊಂದು ಗರಿಯ ಮೇಲೆ ಅದೇ ಒತ್ತಡದಲ್ಲಿ ಒಂದು ದುಂಡು. ಸೀಳುವುದಿಲ್ಲ. ಯಾಕೆ ಅಂತ ಅವರೇ ಹೇಳುವವರೆಗೆ ಕಾಯಿರಿ. ಗುಳೇದಗುಡ್ಡದ ಹತ್ತಿರ ಒಂದು ಶಾಲೆಯಲ್ಲಿ ನೇಕಾರರ ಮನೆಯ ಹುಡುಗನೊಬ್ಬ ಗರಿಯನ್ನು ಬೆಳಕಿಗೆ ಹಿಡಿದು ಹೇಳಿದ್ದ, "ಎಳಿ ಗುಂಟ ಹೋದ್ರ ಎರಡು ಎಳಿ ಬ್ಯಾರೆ ಆಗ್ತಾವ್ರಿ. ದುಂಡಗ ಹೋದ್ರ ಒಂದ ಜಾಗಾದಾಗ ನಿಲ್ಲೂದಿಲ್ಲಲ್ರಿ." ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಈಗ ದೀಪದ ಕಾಡಿಗೆಗೆ ಒಂದು ಹನಿ ಎಣ್ಣೆ ಕಲಸಿ ಗರಿಗೆ ಸವರಿ, ಅರಿವೆಯಿಂದ ಒರೆಸಿ. ಕಾಣದಿದ್ದ ಗೀರು ಕಪ್ಪಗೆ ಎದ್ದು ಬರುತ್ತದೆ. ನಮ್ಮ ಓಲೆಗರಿಗಳನ್ನು ಬರೆದದ್ದು ಹೀಗೆ. ಉಕ್ಕಿನ ಕಂಟದಿಂದ ಮೊದಲು ಗೀರುವುದು, ಆಮೇಲೆ ಮಸಿ ತುಂಬುವುದು. ಗೆರೆಯ ದಪ್ಪವನ್ನೂ ನೋಡಿಸಿ. ಲೆಕ್ಕಣಿಕೆಯ ದಪ್ಪ ತೆಳು ಇಲ್ಲಿ ಇಲ್ಲ, ಮೊನೆಗೆ ಅಗಲವೇ ಇಲ್ಲವಲ್ಲ.

ಹಲಗೆಗೆ ಬನ್ನಿ. ಗಾಳ ಬಾಗಿದ ರ ಪಕ್ಕದಲ್ಲಿ ಗಾಳವನ್ನು ಇನ್ನೂ ಮೇಲೆ ಏರಿಸಿ. ಮತ್ತೆ ಪಕ್ಕದಲ್ಲಿ, ಅದು ತಲೆಯ ಹತ್ತಿರ ಬಂದು ಕೂಡಲಿ. ಕೋಲು ಹೋಯಿತು, ದುಂಡು ಆಯಿತು, ತಲೆಯ ಮೇಲೆ ತಲೆಕಟ್ಟು ಹಾಗೇ ಉಳಿಯಿತು. ಐದು ರೂಪ, ಒಂದೇ ಸಾಲಿನಲ್ಲಿ. ಬಾಗಲು ಶುರುವಾದದ್ದು ಓಲೆಗಿಂತ ಮೊದಲೋ ಓಲೆಯಿಂದಲೋ ಅಂತ ಜಗಳ ಮಾಡಬೇಕಿಲ್ಲ. ಕಲ್ಲಿನ ಮೇಲಿನ ಹಳೆಯ ರ ಕೂಡ ಬಾಗಿದೆ. ಕೈ ಎತ್ತದೆ, ಗರಿ ಸೀಳದೆ ಬರೆಯುವ ರೂಢಿ ಆ ಬಾಗನ್ನು ಹಿಡಿದು ಬೆಳೆಸಿತು ಅಂದರೆ ಸರಿಯಾಗುತ್ತದೆ.

ಬರುವ ಪ್ರಶ್ನೆಗೆ ಸಿದ್ಧರಿರಿ

ಒಮ್ಮೆ ಒಬ್ಬ ಹುಡುಗಿ ಕೇಳಿದಳು: "ತಮಿಳರೂ ಓಲಿ ಮ್ಯಾಲೆ ಬರದಾರಲ್ರಿ. ಅವರ ಅಕ್ಷರದಾಗ ನೆಟ್ಟನ ಗೆರಿ ಯಾಕ ಅದಾವು?" ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಕುಳಿತು ಯೋಚಿಸಿದೆ, ಓದಿದೆ.

ಅವಳ ಮಾತು ಸರಿ. ಓಲೆಗೆ ದುಂಡು ಒಳ್ಳೆಯದು, ಆದರೆ ಓಲೆ ಯಾರ ಮೇಲೂ ಹುಕುಂ ಮಾಡುವುದಿಲ್ಲ. ಗರಿಯ ಮೇಲೆ ಎಳೆಯ ಗುಂಟ ಅಡ್ಡ ಎಳೆದ ಗೆರೆ ತೊಂದರೆ ಕೊಡುತ್ತದೆ, ಮೇಲಿಂದ ಕೆಳಗೆ ಎಳೆದದ್ದು ಅಷ್ಟು ಕೊಡುವುದಿಲ್ಲ. ಹಗುರ ಕೈಯಿದ್ದರೆ ಅಡ್ಡಗೆರೆಯನ್ನೂ ನಿಭಾಯಿಸಬಹುದು. ಉತ್ತರ ಭಾರತದಲ್ಲೂ ತಾಳೆಗರಿ ಬಳಸಿದರು, ಆದರೆ ಅಲ್ಲಿ ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆದರು, ಗೀರಲಿಲ್ಲ. ಗರಿ ಅದೇ, ಕೈಯಲ್ಲಿನ ಸಾಮಾನು ಬೇರೆ. ಅಲ್ಲಿ ತಲೆಗೆರೆ ನೆಟ್ಟಗೆ ಉಳಿಯಲು ಅಡ್ಡಿಯಾಗಲಿಲ್ಲ. ಜೊತೆಗೆ ಗುರು ಬರೆದಂತೆ ಶಿಷ್ಯ ಬರೆಯುವ ರೂಢಿಯೂ ಇದೆ. ಈ ಪ್ರಶ್ನೆ ಮಕ್ಕಳಿಂದ ಬರದಿದ್ದರೆ ನೀವೇ ಎತ್ತಿ. ಇಲ್ಲದಿದ್ದರೆ "ಓಲೆ, ಅದಕ್ಕೇ ದುಂಡು" ಅನ್ನುವ ಒಂದು ಸಾಲು ಅವರ ತಲೆಯಲ್ಲಿ ಉಳಿದುಬಿಡುತ್ತದೆ, ಅದು ಅರ್ಧ ಸತ್ಯ.

ಹೆಜ್ಜೆ 5: ಕುಂಚ

ಇದು ನನ್ನ ಕೆಲಸ, ಆದರೂ ಹತ್ತು ನಿಮಿಷಕ್ಕೆ ಮುಗಿಸುತ್ತೇನೆ. ಚಪ್ಪಟೆ ಬ್ರಷ್‌ನಿಂದ ಇಂಗ್ಲಿಷಿನ ‘ಐ’ ಅಕ್ಷರದ ನಿಂತ ಗೆರೆಯನ್ನು ಹಾಳೆಯ ಮೇಲೆ ಎಳೆಯಿರಿ. ಬ್ರಷ್ ಎತ್ತಿದ ಕಡೆ ತುದಿ ಹರಕು ಹರಕಾಗಿರುತ್ತದೆ. ಬೋರ್ಡ್ ಬರೆಯುವವರು ಅದನ್ನು ಹಾಗೇ ಬಿಡುವುದಿಲ್ಲ. ಬ್ರಷ್ ತಿರುಗಿಸಿ ಒಂದು ಸಣ್ಣ ಅಡ್ಡ ಎಳೆದು ತುದಿ ಮುಚ್ಚುತ್ತೇವೆ. ಪುಸ್ತಕದ ಇಂಗ್ಲಿಷ್ ಅಕ್ಷರಗಳ ತುದಿಯಲ್ಲಿ ಪುಟ್ಟ ಪಾದ ಇರುತ್ತದಲ್ಲ, ಸೆರಿಫ್ ಅನ್ನುತ್ತಾರೆ, ಅದರ ಮೂಲ ಇದೇ ಅಂತ ಒಂದು ವಾದ.

ಇದನ್ನು ಹೇಳಿದವರು ಅಮೆರಿಕದ ಎಡ್ವರ್ಡ್ ಕ್ಯಾಟಿಚ್ ಎಂಬ ಪಾದ್ರಿ. ಅವರು ಮೊದಲು ಬೋರ್ಡ್ ಬರೆಯುತ್ತಿದ್ದವರು. ರೋಮಿನಲ್ಲಿ 113ರ ಟ್ರೇಜನ್ ಸ್ತಂಭ ಇದೆ. ಅದರ ಬುಡದ ಅಕ್ಷರಗಳನ್ನು ನೋಡಿ, ಆ ಪಾದ ಚಾಣದಿಂದ ಬಂದದ್ದು ಅಂತ ಅನೇಕರು ನಂಬಿದ್ದರು. ಕ್ಯಾಟಿಚ್ ಆ ಅಕ್ಷರಗಳಲ್ಲಿ ಬ್ರಷ್ಷಿನ ತಿರುವು ಗುರುತಿಸಿದರು. ಮೊದಲು ಕುಂಚದಿಂದ ಕಲ್ಲಿನ ಮೇಲೆ ಬರೆದಿದ್ದಾರೆ, ಆಮೇಲೆ ಚಾಣ ಅದರ ಹಿಂದೆ ಹೋಗಿದೆ ಅಂದರು. ನನಗೆ ಈ ಮಾತು ಒಪ್ಪಿಗೆ. ದಿನವೂ ಆ ತಿರುವು ಕೈಯಲ್ಲಿ ಮಾಡುವವನಿಗೆ ಅದು ಕಲ್ಲಿನಲ್ಲೂ ಕಾಣುತ್ತದೆ.

ಹೆಜ್ಜೆ 6: ಬರೆದವರು ಯಾರು, ಕೊರೆದವರು ಯಾರು

ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳ ಒಂದು ದೊಡ್ಡ ಫೋಟೊ ಅಂಟಿಸಿ. ಅಲ್ಲಿ ಕಲ್ಲಿನ ಜಾಲಂಧ್ರವೇ ಅರಬ್ಬಿ ಅಕ್ಷರ. ಕಲ್ಲನ್ನು ಆಚೆ ಈಚೆ ತೂತು ಬೀಳುವಂತೆ ಕಡಿದು ಅಕ್ಷರ ಉಳಿಸಿದ್ದಾರೆ. "ಇದು ಯಾವ ಸಾಮಾನಿನ ಅಕ್ಷರ?" ಅಂತ ಕೇಳಿ. ಎಲ್ಲರೂ ಚಾಣ ಅನ್ನುತ್ತಾರೆ. ಗೆರೆಗಳ ದಪ್ಪ ತೆಳುವಿನ ಮೇಲೆ ಬೆರಳಾಡಿಸಲು ಹೇಳಿ. ಲೆಕ್ಕಣಿಕೆ ಹಿಡಿದ ಮಕ್ಕಳಿಗೆ ಗೊತ್ತಾಗುತ್ತದೆ. ಕಡಿದದ್ದು ಚಾಣ, ಆಕಾರ ಕೊಟ್ಟದ್ದು ಜೊಂಡಿನ ಕಲಮು.

ನಮ್ಮ ಎಷ್ಟೋ ಕನ್ನಡ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆ ಇರುತ್ತದೆ. ಕಂಡರಿಸುವುದು ಅಂದರೆ ಕೊರೆಯುವುದು. ಎರಡು ಕೈ, ಎರಡು ಸಾಮಾನು, ಒಂದೇ ಅಕ್ಷರ.

ಆಗುವುದಾದರೆ, ಬಾದಾಮಿಗೆ

ಶಾಲೆಯವರು ಒಪ್ಪಿದರೆ ಮುಂದಿನ ವಾರ ಮಕ್ಕಳನ್ನು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನಕ್ಕೆ ಕರೆದೊಯ್ಯಿರಿ. ಕೆರೆಯ ಆಚೆ ಬಂಡೆಯ ಮೇಲೆ ಸುಮಾರು 700ರ ಕಾಲದ ಸಾಲುಗಳಿವೆ. "ಸಾಧುಗೆ ಸಾಧು" ಅನ್ನುವ ತ್ರಿಪದಿ ಇರುವುದು ಅಲ್ಲೇ. ಅಕ್ಷರಕ್ಕೆ ಖಡು ತುಂಬುವುದು, ನೀರು ಹಾಕುವುದು, ಕೈಯಿಂದ ಸವರುವುದು ಬೇಡ. ಹಾಗೆ ಮಾಡಿದರೆ ಮರಳುಗಲ್ಲಿನ ಅಂಚು ಉದುರುತ್ತದೆ. ನಡು ಮಧ್ಯಾಹ್ನ ಅಕ್ಷರ ಕಾಣದೆ ಹೋದರೆ ಟಾರ್ಚನ್ನು ಬಂಡೆಗೆ ಎದುರಾಗಿ ಹಿಡಿಯಬೇಡಿ. ಒಂದು ಮಗ್ಗುಲಿಂದ, ಬಂಡೆಗೆ ತಾಗಿದ ಹಾಗೆ, ಓರೆಯಾಗಿ ಹಿಡಿಯಿರಿ. ಕೊರೆದ ಕಾಲುವೆಯಲ್ಲಿ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ.

ಶಾಸನ ಶುರುವಾಗುವುದೇ ಕಪ್ಪೆ ಅರಭಟ್ಟನ ಹೆಸರಿನಿಂದ. ಮಕ್ಕಳಿಗೆ ಬೆರಳು ಗಾಳಿಯಲ್ಲೇ ಇಟ್ಟು ಎಣಿಸಲು ಹೇಳಿ: ಕ, ಪ್ಪೆ, ಅ, ಆಮೇಲೆ ನಾಲ್ಕನೆಯದು. ತಲೆ ಇದೆ, ಕೋಲು ಇದೆ, ಕೆಳಗೆ ಎಡಕ್ಕೆ ಬಾಗಿ ಮೇಲೇರಿದ ಗಾಳ ಇದೆ. ಹಲಗೆಯ ಮೇಲೆ ನೀವು ಬರೆದ ಐದರಲ್ಲಿ ಇದು ಎಷ್ಟನೆಯದು ಅಂತ ಕೇಳಿ.